ಡೇನಿಯಲ್ ಕೋಶದಲ್ಲಿ ಎಂಟ್ರೊಪಿ ತಪ್ಪಾಗಿ ಬರುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ಸತು–ತಾಮ್ರದ ಡೇನಿಯಲ್ ಕೋಶವನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ವೋಲ್ಟೇಜ್ ಅಳೆದು, ನಕ್ಷೆ ಎಳೆದು, ಅದರ ಇಳಿಜಾರಿನಿಂದ ಎಂಟ್ರೊಪಿ ಬದಲಾವಣೆ ΔS ಮತ್ತು ಎಂಥಾಲ್ಪಿ ಬದಲಾವಣೆ ΔH ತೆಗೆಯುವ ಪ್ರಯೋಗ ನೋಡಲು ಸರಳ. ಆದರೆ ಇದರಲ್ಲಿ ಬರುವ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ΔH ಪಠ್ಯಪುಸ್ತಕದಲ್ಲಿ ಕೊಟ್ಟ ಅಂಕಿಗೆ ಹತ್ತಿರವೇ ಇರುತ್ತದೆ, ΔS ಮಾತ್ರ ಎಲ್ಲೋ ಹೋಗಿರುತ್ತದೆ. ΔH ಹೊಂದಿತು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡು ಮುಂದೆ ಹೋಗುತ್ತಾರೆ. ಅಲ್ಲೇ ಎಡವುವುದು.

ಕಾರಣ ಲೆಕ್ಕದಲ್ಲೇ ಇದೆ.

ΔG = −nFE
ΔS = nF (dE/dT)
ΔH = ΔG + TΔS

ಇಲ್ಲಿ n = 2, F = 96485 ಕೂಲಂಬ್ ಪ್ರತಿ ಮೋಲಿಗೆ. ಕೋಶ 1.100 ವೋಲ್ಟ್ ಕೊಟ್ಟರೆ ΔG ಸುಮಾರು −212.3 ಕಿಲೋಜೂಲ್. ಕ್ರಿಯೆಯ ನಿಜವಾದ ΔS ಸುಮಾರು −21 ಜೂಲ್ ಪ್ರತಿ ಕೆಲ್ವಿನ್‌ಗೆ. ಹಾಗಾಗಿ 25 ಡಿಗ್ರಿಯಲ್ಲಿ TΔS ಬರೀ −6.3 ಕಿಲೋಜೂಲ್. ಪುಸ್ತಕದ ΔH −218.7. ಇಳಿಜಾರು ಸೊನ್ನೆ ಬಂದರೂ, ಅಂದರೆ ಉಷ್ಣತೆಯ ಭಾಗವನ್ನು ನೀವು ಅಳೆದೇ ಇಲ್ಲದಿದ್ದರೂ, ΔH −212 ಬಂದು ಶೇಕಡಾ 3ರಷ್ಟೇ ತಪ್ಪು ಕಾಣುತ್ತದೆ. ಆದ್ದರಿಂದ ಪ್ರಯೋಗ ಸರಿಯಾಯಿತೇ ಎಂದು ನೋಡಬೇಕಾದದ್ದು ΔSನಲ್ಲಿ.

ಇನ್ನೊಂದು ಅಂಕಿ ಮನಸ್ಸಿನಲ್ಲಿರಲಿ. ΔS −21 ಆಗಬೇಕಾದರೆ ವೋಲ್ಟೇಜ್ ಪ್ರತಿ ಡಿಗ್ರಿಗೆ 0.109 ಮಿಲಿವೋಲ್ಟ್ ಇಳಿಯಬೇಕು. 25ರಿಂದ 48 ಡಿಗ್ರಿಗೆ ಹೋದರೆ ಒಟ್ಟು ಇಳಿಕೆ ಎರಡೂವರೆ ಮಿಲಿವೋಲ್ಟ್. ಈ ಸಣ್ಣ ಇಳಿಕೆಯನ್ನು ಮುಚ್ಚಿಹಾಕುವ ಪ್ರತಿಯೊಂದು ಸಂಗತಿಯೂ ಇಲ್ಲಿ ದೋಷವೇ.

ಸರಿಯಾದ ಜೋಡಣೆ

ದೋಷ ಹುಡುಕುವ ಮೊದಲು ಸಾಮಾನು ಹೀಗಿದೆಯೇ ನೋಡಿ. 0.1 M ತಾಮ್ರದ ಸಲ್ಫೇಟ್ 100 ಮಿ.ಲೀ.ಗೆ 2.50 ಗ್ರಾಂ ನೀಲಿ ಹರಳು. 0.1 M ಸತುವಿನ ಸಲ್ಫೇಟ್ 100 ಮಿ.ಲೀ.ಗೆ ಏಳು ನೀರಿನ ಹರಳು 2.88 ಗ್ರಾಂ. ಎರಡನ್ನೂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, 100 ಮಿ.ಲೀ. ಬೀಕರುಗಳಿಗೆ 60 ಮಿ.ಲೀ.ಯಂತೆ ಹಾಕಿ. ಎರಡು ಬೀಕರುಗಳನ್ನೂ ನೀರು ತುಂಬಿದ ಒಂದೇ ದಬರಿಯಲ್ಲಿ ನಿಲ್ಲಿಸಿ, ಕೋಶ ಬಿಸಿಯಾಗುವುದು ಆ ನೀರಿನಿಂದಲೇ.

ಲವಣಸೇತುವೆಗೆ 100 ಮಿ.ಲೀ. ನೀರಿಗೆ 3 ಗ್ರಾಂ ಅಗರ್ ಹಾಕಿ ತಿಳಿಯಾಗುವವರೆಗೆ ಕುದಿಸಿ, 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿ, ಬಿಸಿ ಇರುವಾಗಲೇ U ಆಕಾರದ ಗಾಜಿನ ಕೊಳವೆಗೆ ತುಂಬಿ. ಇಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೇಡ. ಕ್ಲೋರೈಡ್ ತಾಮ್ರದ ಕಡೆಗೆ ಜಿನುಗಿ ಅದರೊಂದಿಗೆ ಸಂಕೀರ್ಣ ಕಟ್ಟಿಕೊಂಡು ಆ ವಿದ್ಯುದ್ವಾರವನ್ನು ಅಲುಗಾಡಿಸುತ್ತದೆ.

ಬಿಸಿ 50 ಡಿಗ್ರಿ ದಾಟಬಾರದು. ಅದರ ಮೇಲೆ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುವುದು, ಸತುವಿನ ಮೇಲೆ ಗುಳ್ಳೆ ಏಳುವುದು ಎಲ್ಲಾ ಒಟ್ಟಿಗೇ ಶುರುವಾಗುತ್ತದೆ. ಕಡಿಮೆ ಉಷ್ಣತೆಯ ಬಿಂದು ಬೇಕಿದ್ದರೆ ಡಿಸೆಂಬರ್–ಜನವರಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಚಳಿ ಬೆಳಗೇ ಸಾಕು, ಐಸ್ ಹುಡುಕಬೇಕಿಲ್ಲ.

ΔS ನೂರಾರು ಜೂಲ್ ಬಂದರೆ: ಎರಡು ಬೀಕರಿನ ಉಷ್ಣತೆ ಒಂದೇ ಇಲ್ಲ

ಅತಿ ಹೆಚ್ಚು ಕಾಣುವ ದೋಷ ಇದೇ. ΔS +170 ಬಂದಿದೆ, ಅಥವಾ −180 ಬಂದಿದೆ ಎಂದಿಟ್ಟುಕೊಳ್ಳಿ. ಈ ಸಂಖ್ಯೆಯೇ ದೋಷದ ಹೆಸರು ಹೇಳುತ್ತದೆ.

ಒಂದು ಅರ್ಧಕೋಶವನ್ನು ಮಾತ್ರ ಬಿಸಿ ಮಾಡಿ ಇನ್ನೊಂದನ್ನು ತಣ್ಣಗೆ ಬಿಟ್ಟರೆ, ತಾಮ್ರದ ವಿದ್ಯುದ್ವಾರದ ವಿಭವ ಡಿಗ್ರಿಗೆ ಸುಮಾರು 0.9 ಮಿಲಿವೋಲ್ಟ್ ಏರುತ್ತದೆ. ಸತುವಿನದು ಇನ್ನೂ ಸ್ವಲ್ಪ ಹೆಚ್ಚು ಏರುತ್ತದೆ. ಎರಡನ್ನೂ ಸಮನಾಗಿ ಬಿಸಿ ಮಾಡಿದಾಗ ಈ ಎರಡು ದೊಡ್ಡ ಏರಿಕೆಗಳು ಒಂದನ್ನೊಂದು ಕಳೆದು, ಉಳಿಯುವ ಚೂರು ವ್ಯತ್ಯಾಸವೇ ನಮಗೆ ಬೇಕಾದ 0.1 ಮಿಲಿವೋಲ್ಟ್. ತಾಮ್ರದ ಬೀಕರ್ ಮಾತ್ರ ಬಿಸಿಯಾದರೆ ವೋಲ್ಟೇಜ್ ಏರುತ್ತದೆ, ΔS +170ರ ಆಸುಪಾಸು ಬರುತ್ತದೆ. ಸತುವಿನ ಬೀಕರ್ ಮಾತ್ರ ಬಿಸಿಯಾದರೆ ವೋಲ್ಟೇಜ್ ಜೋರಾಗಿ ಇಳಿದು ΔS −180ರ ಹತ್ತಿರ ಹೋಗುತ್ತದೆ.

ಬೇಕೆಂದೇ ಯಾರೂ ಒಂದೇ ಬೀಕರನ್ನು ಬಿಸಿ ಮಾಡುವುದಿಲ್ಲ. ಆದರೆ ದಬರಿಯ ಒಂದು ಬದಿಗೆ ಬಿಸಿನೀರು ಸುರಿದಿರುತ್ತಾರೆ, ಅಥವಾ ಸ್ಟೌ ಉರಿ ಒಂದು ಕಡೆಗೇ ತಾಗುತ್ತಿರುತ್ತದೆ, ಅಥವಾ ಒಂದು ಬೀಕರಿನ ಗಾಜು ದಪ್ಪ ಇರುತ್ತದೆ. ಎರಡರ ನಡುವೆ 1 ಡಿಗ್ರಿ ವ್ಯತ್ಯಾಸ ಉಳಿದರೂ ಸಾಕು, 0.9 ಮಿಲಿವೋಲ್ಟ್ ತಪ್ಪು ಸೇರಿಕೊಳ್ಳುತ್ತದೆ. ಇಡೀ ಕೋಶವನ್ನು 8 ಡಿಗ್ರಿ ಬಿಸಿ ಮಾಡಿದರೆ ಬರುವ ಬದಲಾವಣೆಗೆ ಅದು ಸಮ.

ಪತ್ತೆ ಮಾಡುವುದು ಹೀಗೆ: ಒಂದೇ ಥರ್ಮಾಮೀಟರನ್ನು ಮೊದಲು ತಾಮ್ರದ ದ್ರಾವಣದಲ್ಲಿ, ತೊಳೆದು ಒರೆಸಿ ಆಮೇಲೆ ಸತುವಿನ ದ್ರಾವಣದಲ್ಲಿ ಅದ್ದಿ ನೋಡಿ. ಎರಡು ಥರ್ಮಾಮೀಟರ್ ಬಳಸಿದರೆ ಅವುಗಳದೇ ಅರ್ಧ ಡಿಗ್ರಿ ಜಗಳ ಇರುತ್ತದೆ. ವ್ಯತ್ಯಾಸ 0.2 ಡಿಗ್ರಿಗಿಂತ ಹೆಚ್ಚಿದ್ದರೆ ವೋಲ್ಟೇಜ್ ಬರೆದುಕೊಳ್ಳಬೇಡಿ. ದಬರಿಯ ನೀರಿನ ಉಷ್ಣತೆ ನೋಡಿ ಬರೆದರೆ ಅದು ಕೋಶದ ಉಷ್ಣತೆಯಲ್ಲ. ಬೀಕರಿನ ಒಳಗೆ ಅಳೆಯಬೇಕು.

ಸರಿಪಡಿಸಲು ನೀರನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ ತಂದು ದಬರಿಗೆ ಬೆರೆಸಿ, ಚೆನ್ನಾಗಿ ಕಲಕಿ, ದಬರಿಗೆ ಗೋಣಿಚೀಲ ಸುತ್ತಿ, 15 ನಿಮಿಷ ಬಿಡಿ. ಬೀಕರುಗಳ ಬಾಯಿಗೆ ರಟ್ಟಿನ ಮುಚ್ಚಳ ಇರಲಿ. ಐದು ನಿಮಿಷದ ಅಂತರದಲ್ಲಿ ಎರಡು ಸಲ ಓದಿದಾಗ 0.1 ಮಿಲಿವೋಲ್ಟ್ ಕೂಡ ಬದಲಾಗದಿದ್ದರೆ ಆ ಬಿಂದು ಸಿದ್ಧ. ಕರೆಂಟ್ ಹೋದರೂ ಈ ವಿಧಾನಕ್ಕೆ ತೊಂದರೆಯಿಲ್ಲ. ನೀರು ಕಾಯಿಸುವ ಕಾಯಿಲನ್ನು ದಬರಿಯೊಳಗೇ ಇಟ್ಟು ಓದುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಕಾಯಿಲಿನಿಂದ ಸೋರುವ ಕರೆಂಟಿಗೆ ಮೀಟರಿನ ಕೊನೆಯ ಅಂಕಿ ನಿಲ್ಲದೆ ಕುಣಿಯುತ್ತದೆ, ಕೈ ಅದ್ದಿದವರಿಗೆ ಅಪಾಯವೂ ಹೌದು.

ಇಳಿಜಾರು ಮೆಟ್ಟಿಲು ಮೆಟ್ಟಿಲಾಗಿ ಬಂದರೆ: ಮೀಟರ್ ಸಾಲದು

ಸಾಮಾನ್ಯ ಮಲ್ಟಿಮೀಟರ್ 2 ವೋಲ್ಟ್ ರೇಂಜಿನಲ್ಲಿ 1 ಮಿಲಿವೋಲ್ಟಿಗಿಂತ ಸಣ್ಣದನ್ನು ತೋರಿಸುವುದಿಲ್ಲ. 1.100, 1.099, 1.099, 1.098 ಎಂದು ಬಂದ ನಾಲ್ಕು ಅಂಕಿಗಳಿಗೆ ಯಾವ ಗೆರೆಯನ್ನಾದರೂ ಎಳೆಯಬಹುದು. ΔS −10 ಎಂದರೂ −30 ಎಂದರೂ ನಕ್ಷೆ ಬೇಡ ಅನ್ನುವುದಿಲ್ಲ.

ದುಬಾರಿ ಮೀಟರ್ ಇಲ್ಲದಿದ್ದರೂ ದಾರಿಯಿದೆ. ಅದೇ ದ್ರಾವಣ, ಅದೇ ತಗಡುಗಳಿಂದ ಇನ್ನೊಂದು ಕೋಶ ಕಟ್ಟಿ. ಅದನ್ನು ಒಂದು ಬಕೆಟ್ ನೀರಿನಲ್ಲಿ ಮೇಜಿನ ಕೆಳಗೆ ಇಡಿ. ಇದು ಹೋಲಿಕೆಯ ಕೋಶ, ಇದನ್ನು ಬಿಸಿ ಮಾಡುವುದಿಲ್ಲ. ಎರಡೂ ಕೋಶಗಳ ತಾಮ್ರದ ತಗಡುಗಳನ್ನು ಒಂದು ತಂತಿಯಿಂದ ಸೇರಿಸಿ. ಮೀಟರಿನ ಕೆಂಪು ತಂತಿ ಹೋಲಿಕೆ ಕೋಶದ ಸತುವಿಗೆ, ಕಪ್ಪು ತಂತಿ ಬಿಸಿ ಕೋಶದ ಸತುವಿಗೆ. ಈಗ ಎರಡು ಕೋಶಗಳೂ ಎದುರುಬದುರಾಗಿ ತಳ್ಳುತ್ತಿವೆ. ಮೀಟರ್ ತೋರಿಸುವುದು ಬಿಸಿ ಕೋಶದ ವೋಲ್ಟೇಜಿನಿಂದ ಹೋಲಿಕೆ ಕೋಶದ ವೋಲ್ಟೇಜ್ ಕಳೆದ ಉಳಿಕೆಯನ್ನು ಮಾತ್ರ. ಅದು ಕೆಲವೇ ಮಿಲಿವೋಲ್ಟ್ ಆದ್ದರಿಂದ ಅದೇ ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ತಿರುಗಿಸಬಹುದು, 0.1 ಮಿಲಿವೋಲ್ಟ್ ಓದಬಹುದು.

ಬಕೆಟ್ಟಿನ ನೀರು 1 ಡಿಗ್ರಿ ಬದಲಾದರೆ ಓದಿನಲ್ಲಿ 0.1 ಮಿಲಿವೋಲ್ಟ್ ಬದಲಾಗುತ್ತದೆ. ಹಾಗಾಗಿ ಬಕೆಟ್ ತುಂಬಿರಲಿ, ಬಿಸಿಲು ಬೀಳದ ಜಾಗದಲ್ಲಿರಲಿ. ನೀರು ತಂಪಾಗಿರಲಿ ಎಂದು ಮಡಕೆಯಲ್ಲಿ ಇಡಬೇಡಿ. ಮಡಕೆ ಜಿನುಗಿ ಜಿನುಗಿ ತಣಿಯುತ್ತಲೇ ಇರುತ್ತದೆ, ನಮಗೆ ಬೇಕಾದದ್ದು ಬದಲಾಗದ ಉಷ್ಣತೆ.

ಈ ಜೋಡಣೆಯಿಂದ ಇನ್ನೊಂದು ದೋಷವೂ ತಾನಾಗಿ ಹೋಗುತ್ತದೆ. ಒಂದೇ ಕೋಶವನ್ನು ನೇರವಾಗಿ ಅಳೆದಾಗ ಕೆಲವರಿಗೆ ಇಳಿಜಾರು ಸೊನ್ನೆಯ ಸುತ್ತ, ಅಥವಾ ಚೂರು ಧನವಾಗಿ ಬರುತ್ತದೆ. ಒಳರೋಧ 1 ಮೆಗಾಓಮ್ ಮಾತ್ರ ಇರುವ ಅಗ್ಗದ ಮೀಟರಿಗೆ 10 ಕಿಲೋಓಮ್ ರೋಧದ ಸೇತುವೆ ಸೇರಿದರೆ ಸುಮಾರು 11 ಮಿಲಿವೋಲ್ಟ್ ಸೇತುವೆಯಲ್ಲೇ ಕಳೆದುಹೋಗುತ್ತದೆ. ಬಿಸಿಯಾದಂತೆ ಸೇತುವೆಯ ರೋಧ ಡಿಗ್ರಿಗೆ ಶೇಕಡಾ 2ರಷ್ಟು ಕಡಿಮೆಯಾಗುತ್ತದೆ, ನಷ್ಟವೂ ಕಡಿಮೆಯಾಗುತ್ತದೆ. 23 ಡಿಗ್ರಿ ಏರಿಕೆಗೆ ವೋಲ್ಟೇಜ್ 3 ಮಿಲಿವೋಲ್ಟಿಗಿಂತ ಹೆಚ್ಚು ಏರಿದಂತೆ ಕಂಡು, ನಿಜವಾದ ಎರಡೂವರೆಯ ಇಳಿಕೆಯನ್ನು ನುಂಗಿಬಿಡುತ್ತದೆ. ಎದುರುಬದುರು ಜೋಡಣೆಯಲ್ಲಿ ಕರೆಂಟೇ ಹರಿಯುವುದಿಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ಈ ನಷ್ಟವೂ ಇಲ್ಲ.

ಸೇತುವೆ ಚೆನ್ನಾಗಿದೆಯೇ ನೋಡಲು ಒಂದೇ ಕೋಶಕ್ಕೆ ಮೀಟರ್ ಕಟ್ಟಿ, ಅದರ ಎರಡು ತುದಿಗೆ 1 ಮೆಗಾಓಮ್ ರೆಸಿಸ್ಟರನ್ನು ಕ್ಷಣಕಾಲ ತಾಗಿಸಿ. ಓದು 10 ಮಿಲಿವೋಲ್ಟಿಗಿಂತ ಹೆಚ್ಚು ಕುಸಿದರೆ ಕೊಳವೆಯೊಳಗೆ ಗಾಳಿಗುಳ್ಳೆ ಇದೆ, ಇಲ್ಲವೇ ಅಗರ್ ತುದಿಯಲ್ಲಿ ಒಣಗಿ ಕುಗ್ಗಿದೆ. ಬೆಳಕಿಗೆ ಹಿಡಿದರೆ ಗುಳ್ಳೆ ಕಾಣುತ್ತದೆ. ಅಂಥ ಸೇತುವೆಯನ್ನು ತೇಪೆ ಹಾಕಲು ಹೋಗಬೇಡಿ, ಹೊಸದು ತುಂಬಿ.

ΔS ಇಮ್ಮಡಿಯಾದರೆ ಅಥವಾ ಮಾಯವಾದರೆ: ದ್ರಾವಣದ ಸಾಂದ್ರತೆ

ಉಷ್ಣತೆ ಸಮ, ಮೀಟರ್ ಸರಿ, ಓದುಗಳು ಗೆರೆಯ ಮೇಲೆ ಅಂದವಾಗಿ ಕೂತಿವೆ, ಆದರೂ ΔS −40 ಬಂದಿದೆ. ಅಥವಾ −2. ಇಲ್ಲಿ ಅಳತೆ ತಪ್ಪಿಲ್ಲ, ತಪ್ಪಿರುವುದು ಬಾಟಲಿಯಲ್ಲಿ.

ನೆರ್ನ್‌ಸ್ಟ್ ಸಮೀಕರಣದ (RT/nF) ln Q ಎಂಬ ಪದದಲ್ಲಿ T ಇರುವುದರಿಂದ ಅದೂ ಇಳಿಜಾರಿಗೆ ಸೇರುತ್ತದೆ. Q ಎಂದರೆ ಸತುವಿನ ಅಯಾನಿನ ಸಾಂದ್ರತೆಯನ್ನು ತಾಮ್ರದ ಅಯಾನಿನದರಿಂದ ಭಾಗಿಸಿದ್ದು. ಎರಡೂ 0.1 M ಇದ್ದರೆ Q = 1, ಪದ ಸೊನ್ನೆ. ಸತು ಹತ್ತು ಪಟ್ಟು ಹೆಚ್ಚಿದ್ದರೆ ΔSಗೆ −R ln 10, ಅಂದರೆ −19 ಜೂಲ್ ಸೇರಿ −40 ಆಗುತ್ತದೆ. ತಾಮ್ರ ಹತ್ತು ಪಟ್ಟು ಹೆಚ್ಚಿದ್ದರೆ +19 ಸೇರಿ −2 ಉಳಿಯುತ್ತದೆ. ತಾಮ್ರಕ್ಕೆ ಮಾತ್ರ 1 M ಸ್ಟಾಕ್ ಬಾಟಲಿ ಎತ್ತಿಕೊಂಡು, ಸತುವಿಗೆ 0.1 M ಮಾಡಿಕೊಂಡವರಿಗೆ ಇದೇ ಆಗುವುದು. ಗಮನಿಸಿ, ಇಂಥ ಕೋಶದಲ್ಲೂ ΔH ಹೆಚ್ಚುಕಡಿಮೆ ಕೆಡುವುದಿಲ್ಲ. Eಯಲ್ಲಿ ಆದ ಬದಲಾವಣೆಯನ್ನು TΔSನ ಬದಲಾವಣೆ ಸರಿದೂಗಿಸಿಬಿಡುತ್ತದೆ. ΔHನಿಂದ ಈ ದೋಷ ಹಿಡಿಯಲು ಸಾಧ್ಯವೇ ಇಲ್ಲ.

ನಮ್ಮ ಕಡೆ ಇದರ ಇನ್ನೊಂದು ರೂಪವಿದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳ ಸುತ್ತಮುತ್ತ ಗೊಬ್ಬರದಂಗಡಿಯಲ್ಲಿ ಮೈಲುತುತ್ತ, ಜಿಂಕ್ ಸಲ್ಫೇಟ್ ಎರಡೂ ಸುಲಭವಾಗಿ ಸಿಗುತ್ತವೆ. ಗೊಬ್ಬರದ ಜಿಂಕ್ ಸಲ್ಫೇಟಿನಲ್ಲಿ ಎರಡು ಬಗೆ: ಏಳು ನೀರಿನದು ಶೇಕಡಾ 21 ಸತು, ಒಂದು ನೀರಿನದು ಶೇಕಡಾ 33 ಸತು. ಚೀಲದ ಮೇಲಿನ ಈ ಅಂಕಿ ನೋಡದೆ ಒಂದು ನೀರಿನದನ್ನು 2.88 ಗ್ರಾಂ ತೂಗಿದರೆ ದ್ರಾವಣ 0.16 M ಆಗಿ, ವೋಲ್ಟೇಜ್ 6 ಮಿಲಿವೋಲ್ಟ್ ಕಡಿಮೆ ಬಂದು, ΔS ಸುಮಾರು 4 ಜೂಲ್ ಹೆಚ್ಚು ಋಣವಾಗುತ್ತದೆ. ಅದರಲ್ಲಿ ಕಬ್ಬಿಣ ಮುಂತಾದ ಬೆರಕೆಯೂ ಇರಬಹುದು. ಪ್ರಯೋಗಾಲಯದ ದರ್ಜೆಯದನ್ನೇ ಬಳಸಿ.

ಬೋರ್‌ವೆಲ್ ನೀರಿನ ಬಗ್ಗೆಯೂ ಹೇಳಬೇಕು. ಗಡಸು ನೀರಿಗೆ ಸತುವಿನ ಸಲ್ಫೇಟ್ ಹಾಕಿದರೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗೆ ಮಬ್ಬಾಗುತ್ತದೆ. ಅದು ಸತುವಿನ ಕಾರ್ಬೊನೇಟ್ ಸೇರಿದ ಕೆಸರು. ಇದರಿಂದ ಸಾಂದ್ರತೆ ಕೆಲವೇ ಶೇಕಡಾ ಕಡಿಮೆಯಾಗುತ್ತದೆ, ಅದು ದೊಡ್ಡದಲ್ಲ. ತೊಂದರೆ ಏನೆಂದರೆ ಆ ಕೆಸರು ಸತುವಿನ ತಗಡಿನ ಮೇಲೆ ಕೂತು ಓದು ಗಂಟೆಗಟ್ಟಲೆ ಜಾರುತ್ತದೆ. ನಮ್ಮ ನೀರಿನ ಫ್ಲೋರೈಡ್ ಇಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ದಬರಿಗೆ, ಬಕೆಟ್ಟಿಗೆ ಬೋರ್ ನೀರು ಧಾರಾಳವಾಗಿ ಹಾಕಿ, ಬೀಕರಿಗೆ ಮಾತ್ರ ಬೇಡ.

ಬಿಸಿ ಮಾಡುವಾಗ ಒಂದು ಗೆರೆ, ತಣಿಸುವಾಗ ಇನ್ನೊಂದು

ಏರುವಾಗ 40 ಡಿಗ್ರಿಯಲ್ಲಿ ಓದಿದ್ದಕ್ಕೂ ಇಳಿಯುವಾಗ 40 ಡಿಗ್ರಿಯಲ್ಲಿ ಓದಿದ್ದಕ್ಕೂ 0.2 ಮಿಲಿವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವಿದ್ಯುದ್ವಾರವೇ ಬದಲಾಗುತ್ತಿದೆ ಎಂದರ್ಥ. ಏರುವ ಓದುಗಳನ್ನು ಮಾತ್ರ ತೆಗೆದುಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ತಣಿಸುತ್ತಾ ವಾಪಸು ಬರುವುದನ್ನು ಯಾವತ್ತೂ ಬಿಡಬೇಡಿ.

ಮೊದಲು ಸತುವನ್ನು ಹೊರತೆಗೆದು ನೋಡಿ. ಚೆನ್ನಾಗಿರುವ ಸತು ಮಾಸಲು ಬೂದು, ಒಂದೇ ಸಮ. ಅದರ ಮೇಲೆ ಮಖಮಲ್ಲಿನಂಥ ಕಪ್ಪು ಪುಡಿ ಕಂಡರೆ ಅದು ತಾಮ್ರ. ಸೇತುವೆ ಸೋರಿ, ಅಥವಾ ತೊಳೆಯದ ಥರ್ಮಾಮೀಟರಿನ ಜೊತೆ ತಾಮ್ರದ ದ್ರಾವಣ ಈ ಕಡೆ ಬಂದಿದೆ. ಬೆರಳಿನಲ್ಲಿ ಉಜ್ಜಿದರೆ ಕಪ್ಪು ಅಂಟುತ್ತದೆ. ಆ ತಗಡನ್ನು ಉಜ್ಜಿ ತೊಳೆದರೂ ಆ ದ್ರಾವಣವನ್ನು ಮತ್ತೆ ಬಳಸಬೇಡಿ. ತಗಡಿನ ಅಂಚಿನಲ್ಲಿ ತುಕ್ಕಿನ ಕೆಂಪು ಕಂಡರೆ ಅದು ಸತುವೇ ಅಲ್ಲ, ಸತು ಲೇಪಿಸಿದ ಕಬ್ಬಿಣದ ಶೀಟು. ಕತ್ತರಿಸಿದ ಅಂಚಿನ ಕಬ್ಬಿಣ ಸತುವಿನ ಜೊತೆ ತಾನೇ ಒಂದು ಸಣ್ಣ ಕೋಶ ಕಟ್ಟಿಕೊಳ್ಳುತ್ತದೆ, ಅದರಿಂದ ಸ್ಥಿರವಾದ ಓದು ಸಿಗದು.

ತಗಡು ಸಿದ್ಧ ಮಾಡಲು ಎಮರಿ ಪೇಪರಿನಿಂದ ಉಜ್ಜಿ, ಸತುವನ್ನು 1 M ಸಲ್ಫ್ಯೂರಿಕ್ ಆಮ್ಲದಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ತಾಮ್ರಕ್ಕೂ ಎಮರಿ, ಆಮೇಲೆ ಅದೇ ಆಮ್ಲ. ಹೊಸದಾಗಿ ಉಜ್ಜಿದ ತಗಡಿನ ಓದು ಮೊದಲ ಅರ್ಧ ಗಂಟೆ ಸರಿಯುತ್ತಿರುತ್ತದೆ. ಕೋಶ ಕಟ್ಟಿದ ಮೇಲೆ ಒಂದು ಗಂಟೆ ಹಾಗೇ ಬಿಟ್ಟು ಶುರುಮಾಡಿ. ಪಾದರಸ ಸವರುವ ಹಳೆಯ ಪದ್ಧತಿಯಿಂದ ಸತು ಇನ್ನೂ ಸ್ಥಿರವಾಗುತ್ತದೆ ನಿಜ, ಆದರೆ ಬಿಸಿ ನೀರಿನ ಪಕ್ಕ ವಿದ್ಯಾರ್ಥಿಗಳ ಕೈಗೆ ಪಾದರಸ ಕೊಡಬಾರದು.

ಒಂದು ಲೆಕ್ಕ ಪೂರ್ತಿಯಾಗಿ

ಎದುರುಬದುರು ಜೋಡಣೆಯಲ್ಲಿ, ಹೋಲಿಕೆ ಕೋಶ 25 ಡಿಗ್ರಿಯಲ್ಲಿದ್ದಾಗ, ಓದುಗಳು ಹೀಗಿವೆ ಎಂದುಕೊಳ್ಳಿ. ಏರುವಾಗ 25, 32, 40, 48 ಡಿಗ್ರಿಗೆ ಕ್ರಮವಾಗಿ 0.4, −0.3, −1.2, −2.0 ಮಿಲಿವೋಲ್ಟ್. ಇಳಿಯುವಾಗ 40, 32, 25ಕ್ಕೆ −1.1, −0.4, 0.3. ಎರಡೂ ಕೋಶ ಒಂದೇ ಉಷ್ಣತೆಯಲ್ಲಿದ್ದಾಗ ಸೊನ್ನೆ ಬರಲಿಲ್ಲವೆಂದು ಗಾಬರಿ ಬೇಡ. ಎರಡು ಕೋಶಗಳು ತದ್ರೂಪಿಯಾಗಿರುವುದಿಲ್ಲ, ಆ 0.4 ಇಳಿಜಾರಿಗೆ ಸೇರುವುದೂ ಇಲ್ಲ. ನೋಡಬೇಕಾದದ್ದು ಏರುವ, ಇಳಿಯುವ ಓದುಗಳು 0.1ರೊಳಗೆ ಕೂಡುತ್ತಿವೆ ಎಂಬುದನ್ನು.

ಏಳೂ ಬಿಂದುಗಳಿಗೆ ಕನಿಷ್ಠ ವರ್ಗ ವಿಧಾನದಲ್ಲಿ ಗೆರೆ ಹಾಕಿದರೆ ಇಳಿಜಾರು ಡಿಗ್ರಿಗೆ −0.1015 ಮಿಲಿವೋಲ್ಟ್. ಸ್ಪ್ರೆಡ್‌ಶೀಟಿನಲ್ಲಿ ಉಷ್ಣತೆ A ಕಾಲಮ್ಮಿನಲ್ಲಿ, ಓದು B ಕಾಲಮ್ಮಿನಲ್ಲಿ ಇದ್ದರೆ:

```
=SLOPE(B2:B8,A2:A8)
```

ΔS = 192970 × (−0.0001015) = −19.6 ಜೂಲ್ ಪ್ರತಿ ಕೆಲ್ವಿನ್‌ಗೆ. ಬಿಸಿ ಕೋಶವನ್ನು 25 ಡಿಗ್ರಿಯಲ್ಲಿ ಒಂಟಿಯಾಗಿ ಅಳೆದಾಗ E = 1.100 ವೋಲ್ಟ್. ΔG = −212.3 ಕಿಲೋಜೂಲ್. TΔS = 298.15 × (−19.6) = −5.8 ಕಿಲೋಜೂಲ್. ΔH = −218.1 ಕಿಲೋಜೂಲ್.

ಈ ಉತ್ತರಕ್ಕೆ ಎಷ್ಟು ನಂಬಿಕೆ? ಒಂದು ತುದಿಯ ಓದು 0.1 ಮಿಲಿವೋಲ್ಟ್ ತಪ್ಪಿದರೆ 23 ಡಿಗ್ರಿ ಹರವಿನಲ್ಲಿ ΔS ಸುಮಾರು 0.8 ಜೂಲ್ ಅಲುಗುತ್ತದೆ. ಆದ್ದರಿಂದ −19.6ನ್ನು −20 ± 2 ಎಂದು ಬರೆಯುವುದೇ ಪ್ರಾಮಾಣಿಕ. ಪುಸ್ತಕದ −21 ಅದರೊಳಗೇ ಇದೆ. ದಶಾಂಶದ ಮುಂದೆ ಇನ್ನೆರಡು ಅಂಕಿ ಬರೆದರೆ ಅವು ಮೀಟರಿನಿಂದ ಬಂದವಲ್ಲ, ಕ್ಯಾಲ್ಕುಲೇಟರಿನಿಂದ ಬಂದವು.

ಲೆಕ್ಕದಲ್ಲೇ ಆಗುವ ತಪ್ಪುಗಳು ಮೂರು, ಅವನ್ನು ಉತ್ತರ ನೋಡಿಯೇ ಗುರುತಿಸಬಹುದು. ಇಳಿಜಾರನ್ನು ಮಿಲಿವೋಲ್ಟಿನಲ್ಲೇ ಇಟ್ಟರೆ ΔS ಹತ್ತೊಂಬತ್ತು ಸಾವಿರದಷ್ಟು ಬರುತ್ತದೆ. n = 1 ಹಾಕಿದರೆ ΔS, ΔH ಎರಡೂ ಸರಿಯಾಗಿ ಅರ್ಧವಾಗುತ್ತವೆ. T ಜಾಗದಲ್ಲಿ 298.15ರ ಬದಲು 25 ಹಾಕಿದರೆ ΔS ಸರಿಯಿದ್ದು TΔS ಮಾತ್ರ ಅರ್ಧ ಕಿಲೋಜೂಲಿಗೆ ಇಳಿದು, ΔH −212.8 ಬರುತ್ತದೆ. ಈ ಮೂರನೆಯದೇ ಹೆಚ್ಚು ಮೋಸ ಮಾಡುವುದು, ಏಕೆಂದರೆ −212.8 ನೋಡಿದವರಿಗೆ ಏನೂ ತಪ್ಪು ಅನ್ನಿಸುವುದಿಲ್ಲ. ΔH ಮತ್ತು ΔGಗಳ ವ್ಯತ್ಯಾಸವನ್ನು 298ರಿಂದ ಭಾಗಿಸಿ ನೋಡಿ. ನಿಮ್ಮ ΔS ವಾಪಸು ಬರಬೇಕು.